ನಾಲ್ಕು ದಿನದ ರಜೆ, ಒಂದು ಕಂಪ್ರೆಸರಿನ ಲೆಕ್ಕ

ಫ್ರಿಜ್ಜಿನ ಬಾಗಿಲ ಮೇಲೆ ಅರ್ಧಚಂದ್ರದಂತೆ ನಕ್ಷತ್ರಗಳನ್ನು ಜೋಡಿಸಿದ ಚೀಟಿಯೊಂದು ಅಂಟಿರುತ್ತದೆ. ನಕ್ಷತ್ರ ಹೆಚ್ಚಿದ್ದರೆ ಕರೆಂಟ್ ಬಿಲ್ ಕಡಿಮೆ ಎಂಬುದು ಅಂಗಡಿಗೆ ಹೋದವರಿಗೆಲ್ಲ ಗೊತ್ತು. ಆ ಚೀಟಿಯ ಹಿಂದಿರುವುದು ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ, ಜನರ ಬಾಯಲ್ಲಿ ಬಿಇಇ. 2001ರ ಇಂಧನ ಸಂರಕ್ಷಣಾ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ ಫ್ರಿಜ್ಜು, ಫ್ಯಾನುಗಳಿಗೆ ನಕ್ಷತ್ರ ಕೊಡುವುದರ ಜೊತೆಗೆ ಮನುಷ್ಯರಿಗೂ ಒಂದು ಅರ್ಹತಾ ಪತ್ರ ಕೊಡುತ್ತದೆ. ಕಾರ್ಖಾನೆಯಲ್ಲಿ ವಿದ್ಯುತ್ತು, ಉಗಿ, ಗಾಳಿ, ನೀರು ಎಲ್ಲೆಲ್ಲಿ ಪೋಲಾಗುತ್ತಿದೆ ಎಂದು ಅಳೆದು ಹೇಳಬಲ್ಲ ಎಂಜಿನಿಯರುಗಳಿಗಾಗಿ ಇರುವ ರಾಷ್ಟ್ರಮಟ್ಟದ ಪರೀಕ್ಷೆ ಅದು. ಪಾಸಾದವರು ಸರ್ಟಿಫೈಡ್ ಎನರ್ಜಿ ಮ್ಯಾನೇಜರ್ ಅಥವಾ ಎನರ್ಜಿ ಆಡಿಟರ್ ಆಗುತ್ತಾರೆ.

ಪರೀಕ್ಷೆ ಸುಲಭದ್ದಲ್ಲ. ಮ್ಯಾನೇಜರ್ ಆಗಲು ಮೂರು ಪೇಪರ್, ಆಡಿಟರ್ ಆಗಲು ನಾಲ್ಕು. ಮೊದಲನೆಯದರಲ್ಲಿ ಕಾಯ್ದೆ, ಹಣಕಾಸಿನ ಲೆಕ್ಕ ಮತ್ತು ಆಡಿಟ್ ವಿಧಾನ, ಎರಡನೆಯದರಲ್ಲಿ ಬಾಯ್ಲರು, ಉಗಿ, ಕುಲುಮೆ, ಮೂರನೆಯದರಲ್ಲಿ ಮೋಟಾರು, ಪಂಪು, ಫ್ಯಾನು, ಕಂಪ್ರೆಸರು. ಬಹುಕಾಲದಿಂದ ನಡೆದುಬಂದ ಮಾದರಿಯಲ್ಲಿ ಈ ಮೂರಕ್ಕೂ ತಲಾ 150 ಅಂಕ, ತಲಾ ಮೂರು ತಾಸು. ಆಡಿಟರುಗಳಿಗಷ್ಟೇ ಇರುವ ನಾಲ್ಕನೆಯ ಪೇಪರ್ ಎರಡು ತಾಸಿನದು, 100 ಅಂಕದ್ದು, ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಪುಸ್ತಕ ಎದುರಿಗಿದ್ದರೂ ಲೆಕ್ಕ ತಾವೇ ಹಾಕಬೇಕಾದ್ದರಿಂದ ಅಲ್ಲಿ ಎಡವುವವರು ಕಡಿಮೆಯಲ್ಲ. ಪ್ರತಿ ಪೇಪರಿಗೂ 50 ಶೇಕಡಾ ಬರಬೇಕು. ಎಂಜಿನಿಯರಿಂಗ್ ಪದವಿ ಇದ್ದವರಿಗೆ ಕನಿಷ್ಠ ಮೂರು ವರ್ಷ, ಡಿಪ್ಲೊಮಾದವರಿಗೆ ಆರು ವರ್ಷ ಕೆಲಸದ ಅನುಭವ ಬೇಕು. ಅಂದರೆ ಪರೀಕ್ಷೆಗೆ ಕೂರುವವರೆಲ್ಲ ಎಲ್ಲೋ ಒಂದು ಕಡೆ ದುಡಿಯುತ್ತಿರುವವರು. ಹಾಗಾಗಿ ಎಲ್ಲರ ದಾರಿಯಲ್ಲೂ ಒಂದು ರಜೆ ಅರ್ಜಿ ಬಂದೇ ಬರುತ್ತದೆ.

ಪರೀಕ್ಷೆ ಸಾಮಾನ್ಯವಾಗಿ ಶನಿವಾರ, ಭಾನುವಾರ ನಡೆಯುತ್ತದೆ. ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇದರಿಂದ ತೊಂದರೆಯಿಲ್ಲ. ಮೂರು ಶಿಫ್ಟಿನ ಗಿರಣಿಯಲ್ಲಿರುವವರ ಕಥೆ ಬೇರೆ. ದಾವಣಗೆರೆ ಕಡೆಯ ಒಂದು ನೂಲಿನ ಗಿರಣಿಯನ್ನು ಉದಾಹರಣೆಗಾಗಿ ಕಣ್ಣ ಮುಂದೆ ತಂದುಕೊಳ್ಳೋಣ. ವಾರದ ರಜೆ ಬುಧವಾರ. ಯುಟಿಲಿಟಿ ವಿಭಾಗದಲ್ಲಿ, ಅಂದರೆ ವಿದ್ಯುತ್ತು, ಕಂಪ್ರೆಸರು, ನೂಲಿಗೆ ಬೇಕಾದ ತೇವ ಕಾಯುವ ಹ್ಯುಮಿಡಿಫಿಕೇಶನ್ ಪ್ಲಾಂಟು, ಜನರೇಟರು ಇವುಗಳನ್ನು ನೋಡಿಕೊಳ್ಳುವ ವಿಭಾಗದಲ್ಲಿ, ಐದು ವರ್ಷದಿಂದ ಕೆಲಸ ಮಾಡುತ್ತಿರುವ ಒಬ್ಬ ಎಂಜಿನಿಯರ್ ಇದ್ದಾರೆ. ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲಿ. ಶನಿವಾರ, ಭಾನುವಾರ ಪರೀಕ್ಷೆ, ಅದಕ್ಕೆ ಮೊದಲು ಗುರುವಾರ, ಶುಕ್ರವಾರ ಓದು. ಒಟ್ಟು ನಾಲ್ಕು ದಿನ ಬೇಕು.

ಅವರು ಮೊದಲು ಬರೆದ ಅರ್ಜಿ ನಮ್ಮಲ್ಲಿ ಬಹುತೇಕರು ಬರೆಯುವಂಥದ್ದೇ: "ಮಾನ್ಯರೆ, ನಾನು ಬಿಇಇ ಪರೀಕ್ಷೆಗೆ ಕಟ್ಟಿರುವುದರಿಂದ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ ರಜೆ ಮಂಜೂರು ಮಾಡಬೇಕಾಗಿ ವಿನಂತಿ."

ಈ ಪತ್ರದಲ್ಲಿ ಒಂದೂ ತಪ್ಪಿಲ್ಲ, ವಿನಯವೂ ಇದೆ. ಆದರೆ ಅದು ಪ್ಲಾಂಟ್ ಹೆಡ್ಡರ ಮೇಜಿನ ಮೇಲೆ ಹೋಗಿ ಕೂತಾಗ ಬೇರೆಯೇ ರೀತಿ ಓದಿಸಿಕೊಳ್ಳುತ್ತದೆ. ಅವರ ಗೋಡೆಯ ಮೇಲೆ ಶಿಫ್ಟ್ ಚಾರ್ಟ್ ಇದೆ. ಶನಿವಾರ ರಾತ್ರಿ ಕರೆಂಟ್ ಹೋದರೆ ಜನರೇಟರ್ ಯಾರು ಏರಿಸುತ್ತಾರೆ? ತೇವ ಇಳಿದು ನೂಲು ತುಂಡಾಗತೊಡಗಿದರೆ ಯಾರನ್ನು ಕರೆಯಬೇಕು? ಜಾಗಕ್ಕೆ ಬಂದವರಿಗೆ ಓವರ್‌ಟೈಮ್ ಕೊಡಬೇಕಾದರೆ ಅದು ದುಪ್ಪಟ್ಟು ಕೂಲಿ. ಇಷ್ಟೆಲ್ಲ ಆದ ಮೇಲೆ ಸರ್ಟಿಫಿಕೇಟ್ ಬರುವುದು ಯಾರ ಹೆಸರಿಗೆ? ಎಂಜಿನಿಯರ್ ಹೆಸರಿಗೆ. ಎರಡು ಸಾಲಿನ ಪತ್ರದಲ್ಲಿ ಖರ್ಚೆಲ್ಲ ಗಿರಣಿಯದು, ಲಾಭವೆಲ್ಲ ನೌಕರನದು ಎಂದು ಕಾಣುತ್ತದೆ. ಹಾಗೆ ಕಂಡದ್ದಕ್ಕೆ ಪ್ಲಾಂಟ್ ಹೆಡ್ಡರನ್ನು ದೂರುವಂತಿಲ್ಲ. ಪತ್ರದಲ್ಲಿ ಬೇರೇನೂ ಬರೆದಿಲ್ಲವಲ್ಲ.

ಖಾಸಗಿ ಕಾರ್ಖಾನೆಯಲ್ಲಿ ಪರೀಕ್ಷೆಗೆಂದೇ ಪ್ರತ್ಯೇಕ ರಜೆ ಕೊಡಬೇಕೆಂದು ಕಾಯ್ದೆ ಹೇಳುವುದಿಲ್ಲ. ಇರುವುದು ದುಡಿದು ಗಳಿಸಿದ ವಾರ್ಷಿಕ ರಜೆ. 1948ರ ಕಾರ್ಖಾನೆಗಳ ಕಾಯ್ದೆಯ ಕಾಲದಿಂದ ಅದರ ಲೆಕ್ಕ ಪ್ರತಿ 20 ದಿನದ ದುಡಿಮೆಗೆ ಒಂದು ದಿನ, ಅರ್ಜಿ ಕನಿಷ್ಠ 15 ದಿನ ಮುಂಚೆ ಲಿಖಿತವಾಗಿ. ಆ ರಜೆ ಹಕ್ಕಿನದೇ. ಆದರೆ ಯಾವ ದಿನ ಎಂಬುದು ಉತ್ಪಾದನೆ ನೋಡಿಕೊಂಡು ಆಗುವ ಮಾತು. ಪರೀಕ್ಷೆಗೆ ಮಾತ್ರ ಬೇರೆ ದಿನ ನಡೆಯುವುದಿಲ್ಲ. ಆದ್ದರಿಂದ ಈ ರಜೆಯನ್ನು ಕೇಳುವ ರೀತಿಯೇ ಬೇರೆಯಾಗಬೇಕು. ಪರೀಕ್ಷೆಯಿಂದ ಗಿರಣಿಗೆ ಏನು ಬರುತ್ತದೆ ಎಂಬುದನ್ನು, ಗಿರಣಿಯದೇ ಅಂಕಿಗಳಲ್ಲಿ, ಅರ್ಜಿಯಲ್ಲೇ ತೋರಿಸಬೇಕು.

ಬಿಇಇ ಪರೀಕ್ಷೆಯ ವಿಷಯದಲ್ಲಿ ಇದಕ್ಕೆ ಎರಡು ದಾರಿಗಳಿವೆ. ಯಾವುದು ತಮಗೆ ಅನ್ವಯಿಸುತ್ತದೆ ಎಂದು ಮೊದಲೇ ತಿಳಿದುಕೊಳ್ಳದೆ ಎರಡನ್ನೂ ಕಲಸಿ ಬರೆದರೆ ಪತ್ರ ಕೆಡುತ್ತದೆ.

ಮೊದಲನೆಯದು ಕಾಯ್ದೆಯ ದಾರಿ. ಇಂಧನ ಸಂರಕ್ಷಣಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಹೆಚ್ಚು ಇಂಧನ ಬಳಸುವ ಉದ್ಯಮಗಳನ್ನು ಸರ್ಕಾರ 'ನಿಗದಿತ ಗ್ರಾಹಕ'ರೆಂದು ಗುರುತಿಸುತ್ತದೆ. ಅವರು ಅರ್ಹತೆಯುಳ್ಳ ಎನರ್ಜಿ ಮ್ಯಾನೇಜರನ್ನು ನೇಮಿಸಿಕೊಳ್ಳಲೇಬೇಕು, ವರ್ಷದ ಇಂಧನ ಬಳಕೆಯ ವರದಿ ಸಲ್ಲಿಸಲೇಬೇಕು. ಆ ಅರ್ಹತೆ ಬರುವುದು ಇದೇ ಪರೀಕ್ಷೆಯಿಂದ. ಕಾಯ್ದೆ ಪಾಲಿಸದಿದ್ದರೆ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಕರ್ನಾಟಕದಲ್ಲಿ ಇದನ್ನು ನೋಡಿಕೊಳ್ಳುವ ಸಂಸ್ಥೆ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ.

ಯಾರು ನಿಗದಿತ ಗ್ರಾಹಕರು? ಜವಳಿ ಗಿರಣಿಗಳಿಗೆ ಹಾಕಿದ ಗೆರೆ ವರ್ಷಕ್ಕೆ 3,000 ತೈಲ ಸಮಾನ ಟನ್. ಹೆಸರು ಕೇಳಿ ಹೆದರಬೇಕಾಗಿಲ್ಲ. ಒಂದು ಟನ್ ಎಣ್ಣೆಯಲ್ಲಿ ಒಂದು ಕೋಟಿ ಕಿಲೊಕ್ಯಾಲರಿ ಶಾಖ ಎಂದು ಹಿಡಿದು, ಕಲ್ಲಿದ್ದಲು, ಡೀಸೆಲ್, ಕರೆಂಟ್ ಎಲ್ಲವನ್ನೂ ಒಂದೇ ತಕ್ಕಡಿಗೆ ತರುವ ಅಳತೆ ಅದು. ಒಂದು ಯೂನಿಟ್ ಕರೆಂಟಿಗೆ 860 ಕಿಲೊಕ್ಯಾಲರಿ. ಬರೀ ಕರೆಂಟಿನಲ್ಲೇ ನಡೆಯುವ ಗಿರಣಿ ಆ ಗೆರೆ ದಾಟಬೇಕಾದರೆ ವರ್ಷಕ್ಕೆ ಸುಮಾರು 3.49 ಕೋಟಿ ಯೂನಿಟ್ ಬಳಸಬೇಕು. ತಿಂಗಳ ಎಚ್.ಟಿ. ಬಿಲ್ಲಿನಲ್ಲಿ 29 ಲಕ್ಷ ಯೂನಿಟ್ ಇದ್ದರೆ ಗಿರಣಿ ಆ ಗೆರೆಯ ಹತ್ತಿರವಿದೆ ಎಂದರ್ಥ. ಬಾಯ್ಲರಿನಲ್ಲಿ ಇದ್ದಿಲೋ ಎಣ್ಣೆಯೋ ಉರಿಯುತ್ತಿದ್ದರೆ ಅದನ್ನೂ ಸೇರಿಸಬೇಕು.

ಗಿರಣಿ ಆ ಪಟ್ಟಿಯಲ್ಲಿದ್ದು, ಇರುವ ಒಬ್ಬ ಎನರ್ಜಿ ಮ್ಯಾನೇಜರ್ ನಿವೃತ್ತಿಗೆ ಹತ್ತಿರವಾಗಿದ್ದರೆ ಅರ್ಜಿಯಲ್ಲಿ ಹೇಳಬೇಕಾದ್ದು ಅಷ್ಟೇ. ಬೇರೆ ಲೆಕ್ಕ ಬೇಕಾಗಿಲ್ಲ. ಪಟ್ಟಿಯಲ್ಲಿಲ್ಲದಿದ್ದರೆ ಕಾಯ್ದೆಯ ಹೆಸರೆತ್ತಲೇ ಬಾರದು. ಗಿರಣಿಯ ಅಕೌಂಟ್ಸ್ ವಿಭಾಗಕ್ಕೆ ಎರಡು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ, ಆಮೇಲೆ ಪತ್ರದ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು. 'ನಾನು ಆಡಿಟರ್ ಆದರೆ ಹೊರಗಿನವರಿಗೆ ಕೊಡುವ ಆಡಿಟ್ ಫೀಸು ಉಳಿಯುತ್ತದೆ' ಎಂದು ಕೆಲವರು ಬರೆಯುತ್ತಾರೆ. ನಿಗದಿತ ಗ್ರಾಹಕರು ಕಾಯ್ದೆಯಂತೆ ಮಾಡಿಸಬೇಕಾದ ಆಡಿಟ್ಟನ್ನು ಬ್ಯೂರೊ ಮಾನ್ಯತೆ ಕೊಟ್ಟ ಆಡಿಟರುಗಳೇ ಮಾಡಬೇಕು. ಪರೀಕ್ಷೆ ಪಾಸಾದ ಮಾತ್ರಕ್ಕೆ ಆ ಮಾನ್ಯತೆ ಬರುವುದಿಲ್ಲ. ಆ ಫೀಸು ಉಳಿಯುತ್ತದೆಂಬ ಮಾತು ಕೊಡದಿರುವುದೇ ಒಳ್ಳೆಯದು.

ನಮ್ಮ ಉದಾಹರಣೆಯ ಗಿರಣಿ ಸಣ್ಣದು, ಪಟ್ಟಿಯಲ್ಲಿಲ್ಲ. ಹಾಗಾಗಿ ಎರಡನೆಯ ದಾರಿ: ಉಳಿಯುವ ಯೂನಿಟ್ಟಿನ ಲೆಕ್ಕ. ಇಲ್ಲಿ ಮಾತಿಗಿಂತ ಅಳತೆ ಮುಖ್ಯ. ಆ ಎಂಜಿನಿಯರ್ ಎರಡನೆಯ ಅರ್ಜಿ ಬರೆಯುವ ಮೊದಲು ಒಂದು ಬುಧವಾರ ಬೆಳಿಗ್ಗೆ ಕಂಪ್ರೆಸರ್ ಕೋಣೆಗೆ ಹೋದರು.

ನೂಲಿನ ಗಿರಣಿಯಲ್ಲಿ ಒತ್ತಡದ ಗಾಳಿ ಬೇಕೇ ಬೇಕು. ತುಂಡಾದ ನೂಲನ್ನು ಆಟೊಕೋನರ್ ಯಂತ್ರ ಗಾಳಿಯ ಹೊಡೆತದಿಂದಲೇ ಹೊಸೆದು ಸೇರಿಸುತ್ತದೆ. ಈ ಗಾಳಿ ಪೈಪಿನಲ್ಲಿ ಬರುವಾಗ ಹೋಸಿನ ಸೇರುವೆಗಳಲ್ಲಿ, ಹಳೆಯ ವಾಲ್ವುಗಳಲ್ಲಿ, ನೀರು ಬಸಿಯುವ ಡ್ರೇನುಗಳಲ್ಲಿ ಸೋರುತ್ತದೆ. ಯಂತ್ರಗಳ ಸದ್ದಿನಲ್ಲಿ ಆ ಸುಯ್ಯೆನ್ನುವ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಬುಧವಾರ ಯಂತ್ರಗಳೆಲ್ಲ ನಿಂತಿರುತ್ತವೆ. ಗಾಳಿ ಬಳಸುವವರು ಯಾರೂ ಇಲ್ಲ. ಆಗ ಕಂಪ್ರೆಸರ್ ಚಾಲೂ ಮಾಡಿ ಪೈಪಿನಲ್ಲಿ ಎಂದಿನ ಒತ್ತಡ ತುಂಬಿಸಿದರೆ ಅದು ಅನ್‌ಲೋಡ್ ಆಗಿ ಸುಮ್ಮನೆ ತಿರುಗಬೇಕು. ಸೋರಿಕೆ ಇದ್ದರೆ ಒತ್ತಡ ಇಳಿಯುತ್ತದೆ, ಕಂಪ್ರೆಸರ್ ಮತ್ತೆ ಲೋಡ್ ಆಗುತ್ತದೆ, ತುಂಬುತ್ತದೆ, ಮತ್ತೆ ಅನ್‌ಲೋಡ್. ಕೈಯಲ್ಲಿ ಗಡಿಯಾರ ಹಿಡಿದು ಈ ಸುತ್ತುಗಳನ್ನು ಬರೆದುಕೊಂಡರೆ ಸಾಕು. ಒಂದು ಸುತ್ತಿನಲ್ಲಿ ಲೋಡ್ ಆಗಿದ್ದ ಕಾಲವನ್ನು ಇಡೀ ಸುತ್ತಿನ ಕಾಲದಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಗುತ್ತದೆ. ಒಂದೇ ಸುತ್ತು ನಂಬುವಂತಿಲ್ಲ. ಹತ್ತಾರು ಸುತ್ತು ಬರೆದು ಸರಾಸರಿ ತೆಗೆಯಬೇಕು.

ಅವರ ಚೀಟಿಯಲ್ಲಿ ಸರಾಸರಿ ಮೂರು ನಿಮಿಷ ಲೋಡ್, ಏಳು ನಿಮಿಷ ಅನ್‌ಲೋಡ್ ಎಂದಿತ್ತು. ಹತ್ತರಲ್ಲಿ ಮೂರು, ಅಂದರೆ 30 ಶೇಕಡಾ. ಚೆನ್ನಾಗಿ ನೋಡಿಕೊಂಡ ವ್ಯವಸ್ಥೆಯಲ್ಲಿ ಇದು 10ರೊಳಗೆ ಇರಬೇಕು. ಕಂಪ್ರೆಸರ್ ನಿಮಿಷಕ್ಕೆ 10 ಘನ ಮೀಟರ್ ಗಾಳಿ ಕೊಡುವಂಥದ್ದು, ಲೋಡ್ ಆದಾಗ 60 ಕಿಲೊವ್ಯಾಟ್ ಎಳೆಯುತ್ತದೆ. ವರ್ಷಕ್ಕೆ 6,000 ತಾಸು ಓಡುತ್ತದೆ, ಯೂನಿಟ್ಟಿಗೆ 7 ರೂಪಾಯಿ ಎಂದು ಇಟ್ಟುಕೊಳ್ಳೋಣ. ಸೋರಿಕೆಯನ್ನು 30ರಿಂದ 10ಕ್ಕೆ ಇಳಿಸಿದರೆ 20 ಶೇಕಡಾ ಉಳಿತಾಯ, 60ರಲ್ಲಿ 20 ಶೇಕಡಾ ಎಂದರೆ 12 ಕಿಲೊವ್ಯಾಟ್. ವರ್ಷಕ್ಕೆ 72,000 ಯೂನಿಟ್, 5,04,000 ರೂಪಾಯಿ. ಅವಸರದಲ್ಲಿ ಅರ್ಜಿ ಬರೆಯುವವರು ಇಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಈ ಲೆಕ್ಕ ತಪ್ಪು. ಅನ್‌ಲೋಡ್ ಆದ ಕಂಪ್ರೆಸರ್ ಮಲಗುವುದಿಲ್ಲ, ಗಾಳಿ ಕೊಡದೆಯೂ ತಿರುಗುತ್ತಲೇ ಇರುತ್ತದೆ. ಸ್ಕ್ರೂ ಮಾದರಿಯದಾದರೆ ಆಗಲೂ ಪೂರ್ತಿ ಲೋಡಿನ 25ರಿಂದ 30 ಶೇಕಡಾ ಕರೆಂಟ್ ಎಳೆಯುತ್ತದೆ. ಇವರದು 18 ಕಿಲೊವ್ಯಾಟ್ ಎಳೆಯುತ್ತಿತ್ತು. ಸೋರಿಕೆ ಮುಚ್ಚಿದಾಗ ಆ 20 ಶೇಕಡಾ ಕಾಲದಲ್ಲಿ 60ರ ಬದಲು 18 ಓಡುತ್ತದೆ, ಸೊನ್ನೆಯಲ್ಲ. ಉಳಿಯುವುದು 42 ಕಿಲೊವ್ಯಾಟಿನ 20 ಶೇಕಡಾ, ಅಂದರೆ 8.4 ಕಿಲೊವ್ಯಾಟ್. ವರ್ಷಕ್ಕೆ 50,400 ಯೂನಿಟ್, 3,52,800 ರೂಪಾಯಿ. ಐದು ಲಕ್ಷ ಮೂರೂವರೆಗೆ ಇಳಿಯಿತು. ಹೀಗಿದ್ದರೂ ಅರ್ಜಿಗೆ ಹಾಕಬೇಕಾದ್ದು ಈ ಸಣ್ಣ ಅಂಕಿಯನ್ನೇ. ಏಕೆಂದರೆ ಆರು ತಿಂಗಳ ನಂತರ ಮೀಟರು ತೋರಿಸುವುದು ಇದರ ಸುತ್ತಮುತ್ತಲಿನ ಅಂಕಿಯನ್ನು. ಕಂಪ್ರೆಸರ್ ಹಳೆಯದಾಗಿದ್ದು, ತಗಡಿನ ಮೇಲೆ ಬರೆದಷ್ಟು ಗಾಳಿ ಈಗ ಕೊಡುತ್ತಿಲ್ಲವಾದರೆ ಲೆಕ್ಕ ಇನ್ನೂ ಬದಲಾಗುತ್ತದೆ. ವೇಗ ತಾನೇ ಬದಲಿಸಿಕೊಳ್ಳುವ ಹೊಸ ಕಂಪ್ರೆಸರುಗಳಿಗೆ ಈ ಲೋಡ್-ಅನ್‌ಲೋಡ್ ಪರೀಕ್ಷೆಯೇ ಹೊಂದುವುದಿಲ್ಲ.

ಇಷ್ಟು ಹಿಡಿದುಕೊಂಡು ಹೋದಾಗ ಪ್ಲಾಂಟ್ ಹೆಡ್ ಕೇಳುವ ಮೊದಲ ಪ್ರಶ್ನೆ ಯಾರಿಗಾದರೂ ಹೊಳೆಯುವಂಥದ್ದೇ. "ಸೋರಿಕೆ ಈಗಲೇ ಗೊತ್ತಾಗಿದೆಯಲ್ಲಪ್ಪಾ, ಮುಚ್ಚಿಬಿಡು. ಅದಕ್ಕೆ ಪರೀಕ್ಷೆ ಯಾಕೆ?"

ಪ್ರಶ್ನೆ ನ್ಯಾಯದ್ದು. ಉತ್ತರವೂ ನೇರವಾಗಿರಬೇಕು. ಸೋರಿಕೆ ಮುಚ್ಚಲು ಸೋಪಿನ ನೀರು, ಟೇಪು, ಹೊಸ ಕಪ್ಲಿಂಗು ಸಾಕು, ಸರ್ಟಿಫಿಕೇಟ್ ಬೇಡ. ಆದರೆ ಮೂರು ನಿಮಿಷ, ಏಳು ನಿಮಿಷ ಎಂದು ಗಡಿಯಾರ ಹಿಡಿಯಬೇಕೆಂದು ಅವರಿಗೆ ತಿಳಿದದ್ದು, ಐದು ಲಕ್ಷ ಎಂಬುದು ಮೂರೂವರೆ ಲಕ್ಷ ಎಂದು ಅರಿವಾದದ್ದು ಮೂರನೆಯ ಪೇಪರಿಗೆ ಓದುವಾಗ. ಅದೇ ಪೇಪರಿನಲ್ಲಿ ಫ್ಯಾನಿನ ಪಾಠವೂ ಇದೆ. ಫ್ಯಾನಿನ ವೇಗವನ್ನು 20 ಶೇಕಡಾ ಇಳಿಸಿದರೆ ಅದು ಎಳೆಯುವ ಶಕ್ತಿ ಹೆಚ್ಚೂಕಡಿಮೆ ಅರ್ಧಕ್ಕೆ ಬರುತ್ತದೆ, ಏಕೆಂದರೆ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಹ್ಯುಮಿಡಿಫಿಕೇಶನ್ ಪ್ಲಾಂಟಿನ ದೊಡ್ಡ ಫ್ಯಾನುಗಳು ಮಳೆಗಾಲದ ರಾತ್ರಿಯಲ್ಲೂ ಬೇಸಿಗೆಯ ಮಧ್ಯಾಹ್ನದ ವೇಗದಲ್ಲೇ ತಿರುಗುತ್ತಿದ್ದರೆ ಅಲ್ಲಿ ಕಂಪ್ರೆಸರಿಗಿಂತ ಹೆಚ್ಚು ಉಳಿಯಬಹುದು. ಉಳಿಯುತ್ತದೆಂದು ಅಳೆಯುವ ಮೊದಲೇ ಹೇಳುವಂತಿಲ್ಲ. ಅದನ್ನು ಅಳೆಯುವ ಕ್ರಮವೇ ಪರೀಕ್ಷೆಯ ಪಠ್ಯ. ಹೀಗೆ, ಒಂದು ಸಣ್ಣ ಕೆಲಸವನ್ನು ಮೊದಲೇ ಮಾಡಿ ತೋರಿಸಿದರೆ ಉಳಿದದ್ದಕ್ಕೆ ಅದೇ ಸಾಕ್ಷಿ. ಬರೀ 'ಕಲಿತು ಬಂದು ಸಂಸ್ಥೆಗೆ ಉಪಯೋಗ ಮಾಡುತ್ತೇನೆ' ಎಂಬ ಸಾಲಿಗೆ ಅಂಥ ಬಲವಿಲ್ಲ.

ಎರಡನೆಯ ಅರ್ಜಿ ಒಂದೇ ಪುಟದ್ದು. ಪರೀಕ್ಷೆಗೆ 40 ದಿನ ಇರುವಾಗ ಕೊಟ್ಟದ್ದು. ಅದು ಹೀಗಿತ್ತು:

"ಮಾನ್ಯರೆ, ಕಳೆದ ಬುಧವಾರ ಯಂತ್ರಗಳು ನಿಂತಿದ್ದಾಗ ಒಂದನೇ ಕಂಪ್ರೆಸರಿನಲ್ಲಿ ಸೋರಿಕೆ ಅಳೆದೆ. 30 ಶೇಕಡಾ ಬಂದಿದೆ. ಅಳತೆಯ ಹಾಳೆ ಜೊತೆಗಿದೆ. 10ಕ್ಕೆ ಇಳಿಸಿದರೆ ವರ್ಷಕ್ಕೆ ಸುಮಾರು 50,000 ಯೂನಿಟ್, ಮೂರೂವರೆ ಲಕ್ಷ ರೂಪಾಯಿ ಉಳಿಯುತ್ತದೆಂದು ಅಂದಾಜು. ಈ ಕೆಲಸವನ್ನು ಮುಂದಿನ ಎರಡು ಬುಧವಾರ ಮುಗಿಸುತ್ತೇನೆ.

"ಈ ವಿಧಾನವನ್ನು ಬಿಇಇ ಎನರ್ಜಿ ಆಡಿಟರ್ ಪರೀಕ್ಷೆಗೆ ಓದುವಾಗ ಕಲಿತೆ. ಪರೀಕ್ಷೆ ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ಇದೆ. ಆ ಎರಡು ದಿನ ಬದಲಿಸಲು ಬರುವುದಿಲ್ಲ. ಅವನ್ನು ಆನ್ ಡ್ಯೂಟಿ ಎಂದು ಪರಿಗಣಿಸಬೇಕೆಂದು ಕೋರುತ್ತೇನೆ. ಓದಿಗಾಗಿ ಗುರುವಾರ, ಶುಕ್ರವಾರ ನನ್ನ ಖಾತೆಯ ರಜೆ ಕೊಡಬೇಕು. ಕೆಲಸದ ಒತ್ತಡವಿದ್ದರೆ ಗುರುವಾರ ಬಿಟ್ಟುಕೊಡಲು ಸಿದ್ಧನಿದ್ದೇನೆ.

"ನಾಲ್ಕೂ ದಿನ ಯುಟಿಲಿಟಿ ನೋಡಿಕೊಳ್ಳಲು ಬಿ ಶಿಫ್ಟಿನ ಸೂಪರ್‌ವೈಸರ್ ಒಪ್ಪಿದ್ದಾರೆ, ಅವರ ಸಹಿ ಕೆಳಗಿದೆ. ಎಲೆಕ್ಟ್ರೀಷಿಯನ್ನರಿಗೆ ಎರಡು ಶಿಫ್ಟ್ ಓವರ್‌ಟೈಮ್ ಬೇಕಾಗಬಹುದು. ತಿಂಗಳ ಮೀಟರ್ ರೀಡಿಂಗ್ ಅದಕ್ಕೂ ಮೊದಲೇ ಮುಗಿದಿರುತ್ತದೆ. ಪರೀಕ್ಷೆ ಮುಗಿದು ಮೂರು ತಿಂಗಳೊಳಗೆ ಹ್ಯುಮಿಡಿಫಿಕೇಶನ್ ಫ್ಯಾನುಗಳನ್ನು ಇದೇ ರೀತಿ ಅಳೆದು ವರದಿ ಕೊಡುತ್ತೇನೆ. ಫಲಿತಾಂಶ ಏನೇ ಬಂದರೂ ಈ ವರದಿ ಕೊಡುತ್ತೇನೆ."

ಈ ಪತ್ರದ ಕೆಲವು ಜಾಗಗಳನ್ನು ನಿಧಾನವಾಗಿ ನೋಡಬೇಕು. ಖರ್ಚನ್ನು ಅವರು ಮುಚ್ಚಿಟ್ಟಿಲ್ಲ. ಎರಡು ಶಿಫ್ಟ್ ಓವರ್‌ಟೈಮ್ ಎಂದು ತಾವೇ ಬರೆದಿದ್ದಾರೆ. ಹಾಗೆ ಬರೆದ ಕೂಡಲೇ ಓದುವವರಿಗೆ ಹುಡುಕಿ ತೆಗೆಯಲು ಬೇರೆ ಖರ್ಚು ಉಳಿಯುವುದಿಲ್ಲ. ಬದಲಿಸಲಾಗದ ಎರಡು ದಿನ, ಬದಲಿಸಬಹುದಾದ ಎರಡು ದಿನ ಎಂದು ಬೇರೆ ಮಾಡಿದ್ದಾರೆ. ನಾಲ್ಕನ್ನೂ ಒಂದೇ ಗಂಟು ಕಟ್ಟಿದ್ದರೆ 'ಆಗುವುದಿಲ್ಲ' ಎಂಬ ಒಂದೇ ಮಾತಿಗೆ ನಾಲ್ಕೂ ಹೋಗುತ್ತಿದ್ದವು. ಬದಲಿಗೆ ಬರುವವರ ಸಹಿ ಮೊದಲೇ ಪಡೆದಿದ್ದಾರೆ. 'ಯಾರನ್ನಾದರೂ ವ್ಯವಸ್ಥೆ ಮಾಡಿಕೊಡಿ' ಎಂದು ಬರೆದಿದ್ದರೆ ಅದು ಪ್ಲಾಂಟ್ ಹೆಡ್ಡರಿಗೆ ಕೊಟ್ಟ ಹೊಸ ಕೆಲಸವಾಗುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾಗಿ, ಅವರು ಕೊಟ್ಟ ಮಾತು ವರದಿಯದು, ಸರ್ಟಿಫಿಕೇಟಿನದಲ್ಲ. ಈ ಪರೀಕ್ಷೆಯ ಫಲಿತಾಂಶ ಬರಲು ತಿಂಗಳುಗಳೇ ಹಿಡಿಯಬಹುದು, ಒಂದು ಪೇಪರ್ ಉಳಿದುಕೊಂಡರೂ ಆಶ್ಚರ್ಯವಿಲ್ಲ. ತಮ್ಮ ಕೈಯಲ್ಲಿಲ್ಲದ್ದನ್ನು ಲಾಭವೆಂದು ಬರೆದುಕೊಟ್ಟವರು ಮುಂದಿನ ವರ್ಷ ಉಳಿದ ಪೇಪರಿಗೆ ಮತ್ತೆ ರಜೆ ಕೇಳುವಾಗ ತಲೆ ತಗ್ಗಿಸಬೇಕಾಗುತ್ತದೆ. ಫ್ಯಾನು ಅಳೆಯುವುದು ಅವರ ಕೈಯಲ್ಲೇ ಇದೆ. ಪಾಸಾದರೂ ಆಗದಿದ್ದರೂ ಓದಿದ್ದು ಓದಿಯೇ ಇರುತ್ತದೆ.

ಆನ್ ಡ್ಯೂಟಿ ಎಂಬ ಪದಕ್ಕೂ ಬೆಲೆಯಿದೆ. ರಜೆ ಎಂದರೆ ಅದು ನೌಕರನ ಸ್ವಂತ ಕೆಲಸ, ಆನ್ ಡ್ಯೂಟಿ ಎಂದರೆ ಸಂಸ್ಥೆಯ ಕೆಲಸಕ್ಕೆ ಹೊರಗೆ ಹೋದಂತೆ. ಪರೀಕ್ಷೆ ಗಿರಣಿಗೂ ಉಪಯೋಗ ಎಂದು ಪತ್ರ ಹೇಳುತ್ತಿರುವಾಗ ಪರೀಕ್ಷೆಯ ಎರಡು ದಿನಕ್ಕೆ ಅದನ್ನು ಕೇಳುವುದು ಮಾತಿಗೆ ತಕ್ಕದ್ದೇ. ಓದಿನ ದಿನಗಳಿಗೂ ಕೇಳಿದ್ದರೆ ಆಸೆ ಹೆಚ್ಚಾಯಿತು ಎನಿಸುತ್ತಿತ್ತು.

ಇನ್ನು, ಮೇಜಿನ ಆಚೆ ಕೂತವರು ಬಾಯಿಬಿಟ್ಟು ಹೇಳದ ಒಂದು ಭಯವಿರುತ್ತದೆ. ಸರ್ಟಿಫಿಕೇಟ್ ಬಂದ ಮೇಲೆ ಹುಡುಗ ಬೇರೆ ಕಡೆ ಹೋಗಿಬಿಟ್ಟರೆ? ಈ ಭಯ ಸುಳ್ಳಲ್ಲ, ಪತ್ರ ವ್ಯಕ್ತಿಯ ಹೆಸರಿಗೇ ಬರುತ್ತದೆ, ಅವನ ಜೊತೆಗೇ ಹೋಗುತ್ತದೆ. ಆದ್ದರಿಂದ ಕೆಲವು ಸಂಸ್ಥೆಗಳು ಫೀಸು, ರಜೆ ಕೊಡುವಾಗ ಇಷ್ಟು ವರ್ಷ ಬಿಡಬಾರದೆಂದು ಬಾಂಡ್ ಬರೆಸಿಕೊಳ್ಳುತ್ತವೆ. ಇದು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಉತ್ತರ ಕೊಟ್ಟಿದೆ. ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟದ್ದಕ್ಕೆ ಬಾಂಡಿನಂತೆ ಎರಡು ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂದಿತ್ತು. ಕರ್ನಾಟಕ ಹೈಕೋರ್ಟ್ ಅಧಿಕಾರಿಯ ಪರ ಹೇಳಿತ್ತು. ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿಟ್ಟು, ಆ ಷರತ್ತು ಸಿಂಧು ಎಂದಿತು. ಅದು ದೊಡ್ಡ ಆಯ್ಕೆ ಪ್ರಕ್ರಿಯೆ ನಡೆಸಿ ನೇಮಿಸಿಕೊಂಡ ಸಾರ್ವಜನಿಕ ರಂಗದ ಬ್ಯಾಂಕಿನ ಮಾತು, ನಾಲ್ಕು ದಿನದ ರಜೆಯ ಮಾತಲ್ಲ. ಆದರೂ ಬಾಂಡಿಗೆ ಸಹಿ ಹಾಕಿದರೆ ಅದು ಬರೀ ಕಾಗದ ಎಂದುಕೊಳ್ಳುವಂತಿಲ್ಲ ಎಂಬುದು ಈಗ ಸ್ಪಷ್ಟ.

ಹಾಗಾಗಿ ಎಂಜಿನಿಯರ್ ತಾವಾಗಿಯೇ 'ಎರಡು ವರ್ಷ ಬಿಡುವುದಿಲ್ಲ' ಎಂದು ಬರೆದುಕೊಡಬೇಕಾಗಿಲ್ಲ. ಕೇಳಿದರೆ, ಕೊಟ್ಟಷ್ಟಕ್ಕೆ ತಕ್ಕ ಮಾತಾಡಬೇಕು. ಗಿರಣಿ ಎರಡು ದಿನದ ಆನ್ ಡ್ಯೂಟಿ, ಪರೀಕ್ಷೆಯ ಫೀಸು ಕೊಟ್ಟರೆ ಒಂದು ವರ್ಷದೊಳಗೆ ಬಿಟ್ಟಲ್ಲಿ ಆ ಫೀಸು ವಾಪಸ್ ಕಟ್ಟುತ್ತೇನೆ ಎನ್ನುವುದು ಎರಡೂ ಕಡೆಗೆ ಸರಿಹೋಗುವ ಮಾತು. ಕೊಟ್ಟದ್ದು ನಾಲ್ಕು ದಿನ, ಕಟ್ಟಿಹಾಕುವುದು ಮೂರು ವರ್ಷ ಎಂದಾದರೆ ತಮ್ಮ ಖಾತೆಯ ರಜೆಯಲ್ಲೇ ಹೋಗಿ ಬರೆಯುವುದು ಮೇಲು. ಇನ್ನು 'ರಜೆ ಕೊಡದಿದ್ದರೆ ಕೆಲಸ ಬಿಡುತ್ತೇನೆ' ಎಂಬ ಸುಳಿವು ಪತ್ರದಲ್ಲಾಗಲಿ ಮಾತಿನಲ್ಲಾಗಲಿ ಬಂದರೆ ಆ ಭಯವನ್ನು ತಾವೇ ನಿಜ ಮಾಡಿದಂತೆ.

ಒಂದು ಕೆಲಸವನ್ನು ಮಾತ್ರ ರಜೆ ಅರ್ಜಿಗೂ ಬಹಳ ಮೊದಲೇ ಮಾಡಬೇಕು. ಈ ಪರೀಕ್ಷೆಗೆ ಅರ್ಜಿ ಹಾಕುವಾಗಲೇ ಅನುಭವದ ಪುರಾವೆ ಕೇಳುತ್ತಾರೆ. ಅದನ್ನು ಕೊಡಬೇಕಾದವರು ಇದೇ ಸಂಸ್ಥೆಯವರು. ಎಚ್.ಆರ್. ವಿಭಾಗದಲ್ಲಿ ಆ ಪತ್ರ ಬರೆಸಿಕೊಂಡು, ಪ್ಲಾಂಟ್ ಹೆಡ್ಡರಿಗೆ ಮಾತ್ರ ಹೇಳದೆ ಕೊನೆಯಲ್ಲಿ ರಜೆ ಕೇಳಿದರೆ ಗುಟ್ಟು ಮಾಡಿದಂತಾಗುತ್ತದೆ. ಅನುಭವ ಪತ್ರ ಕೇಳುವ ದಿನವೇ "ಸರ್, ಈ ಪರೀಕ್ಷೆಗೆ ಕಟ್ಟಬೇಕೆಂದಿದ್ದೇನೆ, ದಿನಾಂಕ ಗೊತ್ತಾದ ಕೂಡಲೇ ಬಂದು ಹೇಳುತ್ತೇನೆ" ಎಂದು ಒಂದು ಮಾತು ಹಾಕಿಟ್ಟರೆ ಆರು ತಿಂಗಳ ನಂತರ ಬರುವ ಅರ್ಜಿ ಹೊಸದೆನಿಸುವುದಿಲ್ಲ.

ಉದಾಹರಣೆಯ ಎಂಜಿನಿಯರಿಗೆ ಬಂದ ಉತ್ತರ ಅರ್ಜಿಯ ಅಂಚಿನಲ್ಲೇ ಹಸಿರು ಇಂಕಿನಲ್ಲಿತ್ತು. ಶನಿವಾರ, ಭಾನುವಾರ ಆನ್ ಡ್ಯೂಟಿ. ಶುಕ್ರವಾರ ರಜೆ. ಗುರುವಾರ ಮಧ್ಯಾಹ್ನದವರೆಗೆ ಕೆಲಸ, ಆಮೇಲೆ ಹೋಗಬಹುದು. ಅದರ ಕೆಳಗೆ ಇನ್ನೊಂದು ಸಾಲು: ಎರಡನೇ ಕಂಪ್ರೆಸರ್ ಸೋರಿಕೆಯನ್ನೂ ಮುಂದಿನ ಬುಧವಾರ ಅಳೆದು ಹಾಳೆ ಕೊಡುವುದು.

ಗುರುವಾರ ಮಧ್ಯಾಹ್ನ ಅವರು ಹೊರಡುವ ಮುನ್ನ ಬಿ ಶಿಫ್ಟಿನ ಸೂಪರ್‌ವೈಸರ್ ಜೊತೆ ಒಂದು ಸುತ್ತು ಹಾಕಿದರು. ಕಂಪ್ರೆಸರ್ ಯಾವ ಒತ್ತಡಕ್ಕೆ ಲೋಡ್ ಆಗಬೇಕು, ಯಾವುದಕ್ಕೆ ಅನ್‌ಲೋಡ್ ಆಗಬೇಕು ಎಂದು ಪ್ಯಾನೆಲ್ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದರು. ಜನರೇಟರಿನ ಡೀಸೆಲ್ ಟ್ಯಾಂಕಿನಲ್ಲಿ ಅಳತೆಕೋಲು ಅದ್ದಿ ನೋಡಿ, ಮಟ್ಟವನ್ನು ಲಾಗ್‌ಬುಕ್ಕಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿದರು. ಮೂರು ಗಂಟೆಗೆ ಬೆಂಗಳೂರಿನ ಬಸ್ಸು.